ಬಾರದ ಅತಿಥಿ ಬರೆದ ರಿವ್ಯೂ

ಸಕಲೇಶಪುರದ ಹತ್ತಿರ, ಕಾಫಿ ತೋಟದ ನಡುವೆ ಐದು ಕೋಣೆಗಳ ಒಂದು ಹೋಮ್‌ಸ್ಟೇ ಇದೆ ಎಂದುಕೊಳ್ಳಿ. ಊರು ನಿಜ, ಮನೆ ಕಲ್ಪನೆಯದು. ಮನೆಯನ್ನು ನೋಡಿಕೊಳ್ಳುವವರು ಗಂಡ ಹೆಂಡತಿ. ಅಡಿಗೆ, ಲೆಕ್ಕ, ಫೋನು ಎಲ್ಲ ಅವರದೇ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರಿನವರು, ಗೂಗಲ್ ಮ್ಯಾಪ್ಸ್‌ನಲ್ಲಿ ಹುಡುಕಿ, ಸ್ಟಾರ್ ನೋಡಿ, ಫೋನ್ ಮಾಡಿ ಬರುವವರು. 112 ಜನ ಸ್ಟಾರ್ ಕೊಟ್ಟಿದ್ದಾರೆ, ಸರಾಸರಿ 4.7.

ದಸರಾ ರಜೆಗೆ ಇನ್ನು ಹತ್ತು ದಿನವಿದೆ ಎನ್ನುವಾಗ, ಗುರುವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನದೊಳಗೆ, ಆ ಪುಟಕ್ಕೆ ಒಂಬತ್ತು ಒನ್-ಸ್ಟಾರ್ ರಿವ್ಯೂ ಬಂದು ಬೀಳುತ್ತವೆ. ಮೂರರಲ್ಲಿ ಬರೀ ಸ್ಟಾರ್, ಒಂದಕ್ಷರವೂ ಇಲ್ಲ. ಆರರಲ್ಲಿ ಬರಹವಿದೆ. ಈಜುಕೊಳ ಗಲೀಜಾಗಿತ್ತು ಎಂದು ಒಬ್ಬರು ದೂರಿದ್ದಾರೆ, ಆ ಮನೆಗೆ ಈಜುಕೊಳವೇ ಇಲ್ಲ. ಎ.ಸಿ. ಕೆಲಸ ಮಾಡಲಿಲ್ಲ ಎಂದು ಇನ್ನೊಬ್ಬರು. ಎ.ಸಿ.ಯೂ ಇಲ್ಲ, ಅಲ್ಲಿನ ಚಳಿಗೆ ಯಾರೂ ಈವರೆಗೆ ಕೇಳಿಯೂ ಇಲ್ಲ. ಉಳಿದವು ‘ಹಣ ದಂಡ’, ‘ಸ್ಟಾಫ್ ಸರಿ ಇಲ್ಲ’ ಎಂಬಂಥವು. ಒಂದರಲ್ಲಿ ಮಾತ್ರ, ಬಿಸಿನೀರು ಬೆಳಗ್ಗೆ ಎಂಟರವರೆಗೆ ಬರಲಿಲ್ಲ, ಅಕ್ಕಿರೊಟ್ಟಿ ತಣ್ಣಗಾಗಿತ್ತು ಎಂದಿದೆ. ಸರಾಸರಿ 4.4ಕ್ಕೆ ಇಳಿದಿದೆ. ಅದು ಸಾಲದು ಎನ್ನುವಂತೆ ಶನಿವಾರ ಬೆಳಗ್ಗೆ ಯಾರೋ ಹಳೆಯ ಅತಿಥಿ ಫೋನ್ ಮಾಡಿ, ‘ಏನ್ ಸಾರ್, ಮುಚ್ಚಿಬಿಟ್ರಾ?’ ಎಂದು ಕೇಳುತ್ತಾರೆ. ಪುಟದ ಮೇಲೆ ಕೆಂಪಕ್ಷರದಲ್ಲಿ ‘Permanently closed’ ಎಂದಿದೆ.

4.7ರಿಂದ 4.4 ಎಂದರೆ ಕೇಳಲು ಸಣ್ಣದು. ಲೆಕ್ಕ ಹಾಕಿದರೆ ಹಾಗಿಲ್ಲ. ಈ ಒಂಬತ್ತು ಹಾಗೇ ಉಳಿದರೆ, ಪುಟ ಮತ್ತೆ 4.7 ತೋರಿಸಲು ಒಂದರ ಹಿಂದೆ ಒಂದರಂತೆ 78 ಫೈವ್-ಸ್ಟಾರ್ ಬರಬೇಕು, ನಡುವೆ ಒಂದೂ ಕಡಿಮೆಯಾಗಬಾರದು. ಐದು ಕೋಣೆಯ ಮನೆಗೆ ಅದು ವರ್ಷಗಟ್ಟಲೆಯ ದಾರಿ. ಕೆಡಿಸಲು ಒಂದು ರಾತ್ರಿ ಸಾಕಾಯಿತು.

ಪಕ್ಕದವರೇ ಮಾಡಿಸಿರಬೇಕು ಎಂಬ ಗುಮಾನಿ ಮನೆಯವರಿಗೆ ಮೊದಲ ಗಂಟೆಯಲ್ಲೇ ಹುಟ್ಟುತ್ತದೆ. ಆ ಗುಮಾನಿ ಪೂರ್ತಿ ಹುಚ್ಚಲ್ಲ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು, ಮೇಜ್ಲಿನ್, ಡೋವರ್ ಮತ್ತು ಶೆವಲಿಯೆ, 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಹೋಟೆಲಿನ ರಿವ್ಯೂಗಳನ್ನು ಅವರು ಎರಡು ಕಡೆ ಹೋಲಿಸಿ ನೋಡಿದರು. ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು, ಎಕ್ಸ್‌ಪೀಡಿಯಾದಲ್ಲಿ ಅಲ್ಲಿಂದಲೇ ಕೋಣೆ ಕಾಯ್ದಿರಿಸಿದವರು ಮಾತ್ರ ಬರೆಯಬಹುದಿತ್ತು. ಪಕ್ಕದಲ್ಲಿ ಸಣ್ಣ ಮಾಲೀಕರ ಸ್ವತಂತ್ರ ಹೋಟೆಲ್ ಇದ್ದ ಕಡೆ, ಟ್ರಿಪ್‌ಅಡ್ವೈಸರ್‌ನಲ್ಲಿ ಕೆಟ್ಟ ರಿವ್ಯೂಗಳ ಪಾಲು ಎಕ್ಸ್‌ಪೀಡಿಯಾಕ್ಕೆ ಹೋಲಿಸಿದರೆ ಹೆಚ್ಚಾಗಿತ್ತು. ದೊಡ್ಡ ಚೈನ್ ಹೋಟೆಲಿನ ಮ್ಯಾನೇಜರ್ ಸಿಕ್ಕಿಬಿದ್ದರೆ ಇಡೀ ಕಂಪನಿಯ ಮಾನ ಹೋಗುತ್ತದೆ. ಸಣ್ಣ ಮಾಲೀಕನಿಗೆ ಆ ಭಯ ಕಡಿಮೆ, ಸಿಗುವ ಲಾಭವೆಲ್ಲ ಅವನದೇ. ಗೂಗಲ್ ಮ್ಯಾಪ್ಸ್ ಈ ವಿಷಯದಲ್ಲಿ ಟ್ರಿಪ್‌ಅಡ್ವೈಸರ್‌ನ ಜಾತಿಗೆ ಸೇರಿದ್ದು. ಖಾತೆಯೊಂದು ಇದ್ದರೆ ಸಾಕು, ಬಿಲ್ಲು ತೋರಿಸಬೇಕಿಲ್ಲ.

ಆದರೆ ಗುಮಾನಿ ಬೇರೆ, ಪುರಾವೆ ಬೇರೆ. ಮನೆಯವರು ಗೆಲ್ಲುವುದೂ ಸೋಲುವುದೂ ಈ ಎರಡರ ನಡುವಿನ ಅಂತರವನ್ನು ಹೇಗೆ ದಾಟುತ್ತಾರೆ ಎಂಬುದರ ಮೇಲೆ.

ಮೊದಲು ಪುಸ್ತಕ, ಆಮೇಲೆ ಫೋನು

ಸಾಮಾನ್ಯವಾಗಿ ಜನ ಮೊದಲು ಮಾಡುವ ಕೆಲಸ ಸಿಟ್ಟಿನಲ್ಲಿ ಉತ್ತರ ಬರೆಯುವುದು. ಎರಡನೆಯದು ನೆಂಟರಿಷ್ಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ ‘ಎಲ್ಲರೂ ರಿಪೋರ್ಟ್ ಮಾಡಿ, ಹಾಗೇ ಒಂದು ಫೈವ್-ಸ್ಟಾರ್ ಒತ್ತಿ’ ಎನ್ನುವುದು. ಎರಡೂ ಬೇಡ. ಹುಬ್ಬಳ್ಳಿಯ ಚಿಕ್ಕಪ್ಪ, ದುಬೈನ ಭಾವ ಆ ಮನೆಯಲ್ಲಿ ಗಿರಾಕಿಯಾಗಿ ತಂಗಿದವರಲ್ಲ. ಅವರು ಒತ್ತುವ ಸ್ಟಾರೂ ಸುಳ್ಳು ರಿವ್ಯೂವೇ, ಗೂಗಲ್‌ನ ಅದೇ ನಿಯಮದ ಉಲ್ಲಂಘನೆಯೇ. ನಾಳೆ ಎದುರಿನವನು ಅದನ್ನೇ ಎತ್ತಿ ತೋರಿಸಿದರೆ ನಿಜವಾದ ದೂರಿಗೂ ಬೆಲೆ ಹೋಗುತ್ತದೆ.

ಮೊದಲ ಕೆಲಸ ಸ್ಕ್ರೀನ್‌ಶಾಟ್. ಪ್ರತಿಯೊಂದು ರಿವ್ಯೂವನ್ನೂ ಬರೆದವರ ಹೆಸರು, ದಿನ, ಪುಟದ ವಿಳಾಸ ಕಾಣುವಂತೆ ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಬರೆದವರ ಹೆಸರಿನ ಮೇಲೆ ಒತ್ತಿದರೆ ಅವರ ಖಾತೆಯ ಪುಟ ತೆರೆಯುತ್ತದೆ, ಅದರ ವಿಳಾಸವನ್ನೂ ನಕಲು ಮಾಡಿಟ್ಟುಕೊಳ್ಳಬೇಕು. ಹೆಸರು ಯಾವಾಗ ಬೇಕಾದರೂ ಬದಲಾಗಬಹುದು, ವಿಳಾಸದಲ್ಲಿರುವ ಉದ್ದನೆಯ ಅಂಕಿಯೇ ಆ ಖಾತೆಯ ಗುರುತು. ಇದನ್ನು ರಿಪೋರ್ಟ್ ಮಾಡುವ ಮುಂಚೆಯೇ ಮಾಡಬೇಕು. ಬರೆದವನು ತನ್ನ ಬರಹವನ್ನು ತಿದ್ದಬಹುದು. ‘ಈಜುಕೊಳ ಗಲೀಜು’ ಎಂಬುದು ನಾಳೆ ‘ಜಾಗ ಗಲೀಜು’ ಎಂದಾದರೆ ನಿಮ್ಮ ಅತಿ ಬಲವಾದ ಪುರಾವೆಯೇ ಹೋಯಿತು.

ಎರಡನೆಯದು ಅತಿಥಿಗಳ ರಿಜಿಸ್ಟರ್. ಹೋಮ್‌ಸ್ಟೇಯವರಿಗೆ ಇದೊಂದು ಅನುಕೂಲ ಬೇರೆ ಅಂಗಡಿಯವರಿಗಿಲ್ಲ. ಬೇಕರಿಗೆ ಯಾರು ಬಂದು ಹೋದರೆಂದು ಯಾರೂ ಬರೆದಿಡುವುದಿಲ್ಲ, ತಂಗುವ ಮನೆಯಲ್ಲಿ ಹೆಸರು, ಫೋನ್ ನಂಬರು, ಬಂದ ದಿನ, ಹೋದ ದಿನ ಎಲ್ಲ ಇರುತ್ತದೆ. ಒಂಬತ್ತು ಹೆಸರುಗಳನ್ನೂ ಹಿಂದಿನ ಆರು ತಿಂಗಳ ಪುಟಗಳಲ್ಲಿ ಹುಡುಕಬೇಕು. ಯುಪಿಐ ಜಮೆಗಳನ್ನೂ ನೋಡಬೇಕು.

ಇಲ್ಲಿ ಅವಸರ ಪಟ್ಟರೆ ಕೆಡುತ್ತದೆ. ನಿಜವಾದ ಅತಿಥಿಯ ಸಿಟ್ಟಿನ ರಿವ್ಯೂ ಎಷ್ಟೋ ಸಲ ನಕಲಿಯಂತೆಯೇ ಕಾಣುತ್ತದೆ. ಕೋಣೆ ಹೆಂಡತಿಯ ಹೆಸರಲ್ಲಿ, ರಿವ್ಯೂ ಗಂಡನ ಹೆಸರಲ್ಲಿ. ಎಂಟು ಜನರ ಗುಂಪಿನಲ್ಲಿ ರಿಜಿಸ್ಟರಿನಲ್ಲಿರುವುದು ಒಬ್ಬನ ಹೆಸರು. ಖಾತೆಯ ಹೆಸರೇ ಅಡ್ಡಹೆಸರು. ನಮ್ಮ ಕಲ್ಪನೆಯ ಮನೆಯಲ್ಲಿ, ಬಿಸಿನೀರು ಬರಲಿಲ್ಲ ಎಂದವನ ಹೆಸರು ಪುಸ್ತಕದಲ್ಲಿ ಇಲ್ಲ. ಆದರೆ ಹಿಂದಿನ ಭಾನುವಾರ ಬೆಳಗ್ಗೆ ಕರೆಂಟ್ ಹೋಗಿ ಗೀಸರ್ ನಿಂತದ್ದು ಮನೆಯವರಿಗೇ ಗೊತ್ತು, ಆ ದಿನ ತಂಗಿದ್ದ ಒಂದು ಕುಟುಂಬ ಮುಖ ಗಂಟಿಕ್ಕಿಕೊಂಡು ಹೋದದ್ದೂ ನೆನಪಿದೆ. ಅಕ್ಕಿರೊಟ್ಟಿಯ ಹೆಸರು ಹೇಳಿ ಬೈದವನು ಅದನ್ನು ತಿಂದವನೇ ಇರಬೇಕು. ಹಾಗಾಗಿ ಈ ಒಂದನ್ನು ಪಟ್ಟಿಯಿಂದ ತೆಗೆದಿಡಬೇಕು. ಎಂಟು ನಕಲಿಗಳ ಜೊತೆ ಒಂದು ಅಸಲಿಯನ್ನೂ ಸೇರಿಸಿ ದೂರು ಕೊಟ್ಟರೆ ಎಂಟರ ಬಲವೂ ಕುಗ್ಗುತ್ತದೆ.

ಮೂರನೆಯದು ಆ ಖಾತೆಗಳ ಚರಿತ್ರೆ. ಕೆಲವರು ಅದನ್ನು ಮರೆಮಾಡಿರುತ್ತಾರೆ, ತೆರೆದಿಟ್ಟವರದು ನೋಡಬಹುದು. ನೋಡಬೇಕಾದದ್ದು ಬೈಗುಳದ ಭಾಷೆಯನ್ನಲ್ಲ, ಖಾತೆಗಳು ಒಂದಕ್ಕೊಂದು ಹೊಂದಿಕೊಂಡಿರುವ ಬಗೆಯನ್ನು. ಒಂದೇ ಖಾತೆ ಒಂದೇ ವಾರದಲ್ಲಿ ಜೈಪುರದ ದಂತವೈದ್ಯರಿಗೆ, ಪುಣೆಯ ಪ್ಯಾಕರ್ಸ್-ಮೂವರ್ಸ್‌ಗೆ, ಸಕಲೇಶಪುರದ ಹೋಮ್‌ಸ್ಟೇಗೆ ಸ್ಟಾರ್ ಕೊಟ್ಟಿದ್ದರೆ ಅದು ದುಡ್ಡಿಗೆ ರಿವ್ಯೂ ಬರೆಯುವ ಖಾತೆ ಎಂದು ಅನುಮಾನಿಸಬಹುದು. ನಾಲ್ಕು ಖಾತೆಗಳು ಸುತ್ತಲಿನ ಮೂರು ಹೋಮ್‌ಸ್ಟೇಗಳಿಗೆ ಒಂದೊಂದು ಸ್ಟಾರ್ ಕೊಟ್ಟು, ನಾಲ್ಕನೆಯ ಒಂದು ಮನೆಗೆ ಮಾತ್ರ ಐದೈದು ಕೊಟ್ಟಿದ್ದರೆ ಚಿತ್ರ ಇನ್ನೂ ಸ್ಪಷ್ಟ. ಆದರೂ ಆ ನಾಲ್ಕನೆಯ ಮನೆಯವರೇ ಮಾಡಿಸಿದರು ಎಂದು ಅಷ್ಟರಿಂದಲೇ ಸಾಬೀತಾಗುವುದಿಲ್ಲ. ‘ನಿಮ್ಮ ಗೂಗಲ್ ರೇಟಿಂಗ್ ಏರಿಸಿಕೊಡುತ್ತೇವೆ’ ಎಂದು ಗುತ್ತಿಗೆ ಹಿಡಿದ ಏಜೆಂಟ್ ಮಾಲೀಕನನ್ನು ಕೇಳದೆಯೇ ಸುತ್ತಲಿನವರನ್ನು ಇಳಿಸಿರಬಹುದು.

ಗೂಗಲ್ ಕೇಳುವ ಪ್ರಶ್ನೆಯೇ ಬೇರೆ

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಒಂದು ತಪ್ಪು ತಿಳಿವಳಿಕೆಯಿಂದ. ‘ಇದು ಸುಳ್ಳು’ ಎಂದು ಮಾಲೀಕರು ಬರೆಯುತ್ತಾರೆ. ಗೂಗಲ್ ಸತ್ಯ ಸುಳ್ಳುಗಳ ನ್ಯಾಯ ತೀರ್ಮಾನಕ್ಕೆ ಕೂರುವುದಿಲ್ಲ. ವ್ಯಾಪಾರಿ ಮತ್ತು ಗಿರಾಕಿಯ ನಡುವೆ ಏನು ನಡೆಯಿತು ಎಂಬ ಜಗಳದಲ್ಲಿ ತಾನು ತಲೆ ಹಾಕುವುದಿಲ್ಲ ಎಂದು ಅದು ಬಹಿರಂಗವಾಗಿಯೇ ಹೇಳಿದೆ. ಅದು ನೋಡುವುದು ತನ್ನ ನಿಯಮ ಮುರಿಯಿತೇ ಎಂಬುದನ್ನು ಮಾತ್ರ. ಆ ನಿಯಮಗಳಲ್ಲಿ ನಮಗೆ ಬೇಕಾದವು ಎರಡು. ನಿಜವಾದ ಅನುಭವದ ಮೇಲೆ ಬರೆಯದ ರಿವ್ಯೂ ನಿಲ್ಲುವಂತಿಲ್ಲ. ಪ್ರತಿಸ್ಪರ್ಧಿಯೊಬ್ಬ ಇನ್ನೊಬ್ಬರ ಹೆಸರು ಕೆಡಿಸಲು ಹಾಕಿದ್ದೂ ನಿಲ್ಲುವಂತಿಲ್ಲ.

ಆದ್ದರಿಂದ ವಾದದ ದಿಕ್ಕು ಬದಲಾಗಬೇಕು. ‘ನಮ್ಮ ಸ್ಟಾಫ್ ಒಳ್ಳೆಯವರು, ಕೇಳಿ ನೋಡಿ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ‘ಈ ಮನೆಯಲ್ಲಿ ಈಜುಕೊಳವಿಲ್ಲ, ಬರೆದವರು ಈಜುಕೊಳದ ಬಗ್ಗೆ ಬರೆದಿದ್ದಾರೆ, ಅಂದರೆ ಇಲ್ಲಿಗೆ ಬಂದಿಲ್ಲ’ ಎಂಬುದಕ್ಕೆ ಇದೆ. ‘ಹದಿನಾರು ಗಂಟೆಯೊಳಗೆ ಇಷ್ಟು ಖಾತೆಗಳು, ಅವುಗಳಲ್ಲಿ ನಾಲ್ಕು ಇದೇ ಮೂರು ಮನೆಗಳಿಗೆ ಇದೇ ಕ್ರಮದಲ್ಲಿ ಒಂದು ಸ್ಟಾರ್ ಕೊಟ್ಟಿವೆ’ ಎಂಬುದಕ್ಕೂ ಇದೆ.

ಕ್ರಮ ಹೀಗೆ. ಮನೆಯ ಲಿಸ್ಟಿಂಗ್ ಯಾವ ಖಾತೆಯಲ್ಲಿದೆಯೋ ಅದರಿಂದ ಒಳಹೋಗಿ, ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ ‘Report review’ ಆರಿಸಬೇಕು. ಕಾರಣಗಳ ಪಟ್ಟಿ ಬರುತ್ತದೆ. ಪ್ರತಿಸ್ಪರ್ಧಿಯ ಕೈವಾಡ ಖಾತೆಗಳ ಚರಿತ್ರೆಯಲ್ಲಿ ಕಾಣುವಂತಿದ್ದರೆ ‘Conflict of interest’, ಬಾಡಿಗೆ ಖಾತೆಯಂತಿದ್ದರೆ ‘Spam’. ಪ್ರತಿ ರಿವ್ಯೂಗೂ ಪ್ರತ್ಯೇಕವಾಗಿ, ಒಂದೊಂದೇ ಸಲ. ನೂರು ಜನ ಒತ್ತಿದರೆ ಬೇಗ ಅಳಿಯುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಇದು ಮತ ಎಣಿಕೆಯಲ್ಲ, ನಿಯಮ ಮುರಿಯದ ರಿವ್ಯೂವನ್ನು ಸಾವಿರ ಜನ ಒತ್ತಿದರೂ ತೆಗೆಯಬೇಕಾದ ಕಾರಣವಿಲ್ಲ.

ಮೂರು ನಾಲ್ಕು ದಿನ ಬಿಟ್ಟು ಗೂಗಲ್‌ನ ರಿವ್ಯೂ ನಿರ್ವಹಣೆಯ ಪುಟದಲ್ಲಿ ಸ್ಥಿತಿ ನೋಡಬಹುದು. ‘Decision pending’ ಎಂದಿದ್ದರೆ ಕಾಯಬೇಕು. ‘Report reviewed - no policy violation’ ಎಂದು ಬಂದರೆ ಎಷ್ಟೋ ಜನ ಕೈಚೆಲ್ಲುತ್ತಾರೆ. ನಿಜವಾದ ದೂರು ಶುರುವಾಗುವುದೇ ಅಲ್ಲಿಂದ. ಆ ಪುಟದಲ್ಲೇ ಅಪೀಲು ಹಾಕುವ ಅವಕಾಶವಿದೆ. ಒಂದು ಅಪೀಲಿನಲ್ಲಿ ಹತ್ತು ರಿವ್ಯೂಗಳವರೆಗೆ ಒಟ್ಟಿಗೆ ಸೇರಿಸಬಹುದು, ಆದರೆ ಒಂದು ರಿವ್ಯೂಗೆ ಒಂದೇ ಸಲ. ಮೊದಲ ರಿಪೋರ್ಟಿನಲ್ಲಿ ಹೇಳಲಾಗದ ಹೊಂದಾಣಿಕೆಯ ಚಿತ್ರವನ್ನು ಇಲ್ಲಿ ಇಡಬೇಕು: ಯಾವ ಖಾತೆ, ಯಾವ ದಿನ, ಬೇರೆ ಎಲ್ಲೆಲ್ಲಿ ಏನು ಬರೆದಿದೆ, ಮನೆಯಲ್ಲಿ ಇಲ್ಲದ ಯಾವ ವಸ್ತುವಿನ ಬಗ್ಗೆ ದೂರಿದೆ. ಅರ್ಧ ಪುಟ ಸಾಕು. ಪಕ್ಕದವನ ಹಳೆಯ ಬೇಲಿ ಜಗಳದ ಕಥೆ ಬೇಡ.

ರಿವ್ಯೂ ಹಾಕಿದವನು ಆಮೇಲೆ ಫೋನ್ ಮಾಡಿಯೋ ವಾಟ್ಸ್‌ಆ್ಯಪ್‌ನಲ್ಲೋ ‘ಇಷ್ಟು ಕೊಟ್ಟರೆ ತೆಗೆಯುತ್ತೇವೆ’ ಎಂದರೆ ಅದು ಇನ್ನೊಂದೇ ಕಥೆ. ಹಾಗೆ ಹಣ ಕೇಳುವವರ ಬಗ್ಗೆ ತಿಳಿಸಲು ಗೂಗಲ್‌ನಲ್ಲಿ ಪ್ರತ್ಯೇಕ ಫಾರಂ ಇದೆ. ಆ ಮೆಸೇಜನ್ನು ಅಳಿಸಬಾರದು, ದುಡ್ಡನ್ನೂ ಕೊಡಬಾರದು. ಅದು ಪೊಲೀಸರಿಗೂ ಹೋಗಬೇಕಾದ ವಿಷಯ.

ಉತ್ತರ ಯಾರಿಗೆ?

ರಿವ್ಯೂ ಕೆಳಗೆ ಮಾಲೀಕರು ಬರೆಯುವ ಉತ್ತರವನ್ನು ಬರೆದವನು ಓದುತ್ತಾನೋ ಇಲ್ಲವೋ, ದಸರಾಕ್ಕೆ ಕೋಣೆ ಹುಡುಕುತ್ತಿರುವ ಬೆಂಗಳೂರಿನ ಕುಟುಂಬ ಖಂಡಿತ ಓದುತ್ತದೆ. ಒನ್-ಸ್ಟಾರ್‌ಗಳನ್ನೇ ಹುಡುಕಿ ಓದುವವರು ಅವರು. ಆ ಕುಟುಂಬದ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಬರೆದಂತೆ ಬರೆಯಬೇಕು. ಈಜುಕೊಳದ ರಿವ್ಯೂಗೆ ಹೀಗೊಂದು ಉತ್ತರ ಸಾಕು:

‘ನಮಸ್ಕಾರ. ನಿಮ್ಮ ಹೆಸರಿನಲ್ಲಿ ಯಾರೂ ನಮ್ಮಲ್ಲಿ ತಂಗಿದ ದಾಖಲೆ ನಮ್ಮ ರಿಜಿಸ್ಟರಿನಲ್ಲಿ ಸಿಗಲಿಲ್ಲ. ನಮ್ಮದು ಐದು ಕೋಣೆಗಳ ಮನೆ, ಇಲ್ಲಿ ಈಜುಕೊಳ ಇಲ್ಲ. ಬೇರೆ ಕಡೆಯ ಅನುಭವ ತಪ್ಪಾಗಿ ಇಲ್ಲಿ ಬಂದಿರಬಹುದು. ನೀವು ನಮ್ಮಲ್ಲೇ ತಂಗಿದ್ದರೆ ದಯವಿಟ್ಟು ದಿನಾಂಕ ತಿಳಿಸಿ ಫೋನ್ ಮಾಡಿ, ವಿಚಾರಿಸಿ ಸರಿಪಡಿಸುತ್ತೇವೆ.’

ಇದರಲ್ಲಿ ‘ನಕಲಿ’ ಎಂಬ ಪದವಿಲ್ಲ, ಪ್ರತಿಸ್ಪರ್ಧಿಯ ಹೆಸರಿಲ್ಲ. ಓದುವವರಿಗೆ ಆದರೂ ಎಲ್ಲ ಅರ್ಥವಾಗುತ್ತದೆ. ‘ಇದು ಇಂಥ ಹೋಮ್‌ಸ್ಟೇಯವರ ಕೆಲಸ’ ಎಂದು ಸಾರ್ವಜನಿಕವಾಗಿ ಬರೆದು, ಅದನ್ನು ಸಾಬೀತು ಮಾಡಲಾಗದೆ ಹೋದರೆ ಮಾನನಷ್ಟದ ನೋಟಿಸು ಬರುವುದು ನಿಮ್ಮ ಮನೆಗೆ. ಇನ್ನೊಂದು ಅಪಾಯವೂ ಇದೆ. ನಿಜವಾದ ಅತಿಥಿಯೇ ಬೈದಿದ್ದಾನೆ ಎಂದು ತಿಳಿದಾಗ ಕೆಲವರು ಅವನ ಫೋನ್ ನಂಬರು, ಯಾರ ಜೊತೆ ಬಂದಿದ್ದ, ಎಷ್ಟು ಬಾಟಲಿ ಖಾಲಿ ಮಾಡಿದ ಎಂಬುದನ್ನೆಲ್ಲ ಉತ್ತರದಲ್ಲಿ ಬರೆಯುತ್ತಾರೆ. ಓದಲು ಮಜವಾಗಿರುತ್ತದೆ, ಓದಿದವರು ಮಾತ್ರ ಆ ಮನೆಗೆ ಹೋಗುವುದಿಲ್ಲ.

ಎಂಟಕ್ಕೂ ಇದೇ ಉತ್ತರವನ್ನು ಅಂಟಿಸಿದರೆ ಅದೂ ಯಂತ್ರ ಬರೆದಂತೆ ಕಾಣುತ್ತದೆ. ಬರಹವಿರುವವಕ್ಕೆ ಆಯಾ ಮಾತಿಗೆ ತಕ್ಕ ಎರಡು ಸಾಲು, ಬರೀ ಸ್ಟಾರ್ ಇರುವವಕ್ಕೆ ಒಂದು ಸಾಲು ಸಾಕು. ಬಿಸಿನೀರಿನವನಿಗೆ ಕೊಡಬೇಕಾದ ಉತ್ತರ ಬೇರೆಯೇ: ಆ ದಿನ ಕರೆಂಟ್ ಹೋಗಿದ್ದು ನಿಜ, ಒಲೆಯ ಮೇಲೆ ನೀರು ಕಾಯಿಸಿ ಕೊಡಬೇಕಿತ್ತು, ಕೊಡಲಿಲ್ಲ, ಕ್ಷಮಿಸಿ. ನಕಲಿಗಳ ಸಾಲಿನ ನಡುವೆ ಈ ಒಂದು ಉತ್ತರ ಇದ್ದರೆ ಉಳಿದ ಎಂಟನ್ನು ಓದುವವರು ಮಾಲೀಕರ ಮಾತನ್ನು ನಂಬುತ್ತಾರೆ.

ಮುಚ್ಚದ ಮನೆಗೆ ಬೀಗ

‘Permanently closed’ ಎಂಬುದು ಹೇಗೆ ಬಂತು? ಮ್ಯಾಪ್ಸ್‌ನ ಪ್ರತಿ ಲಿಸ್ಟಿಂಗ್ ಕೆಳಗೂ ‘Suggest an edit’ ಎಂದಿರುತ್ತದೆ. ಯಾರು ಬೇಕಾದರೂ ಅದನ್ನು ಒತ್ತಿ ಫೋನ್ ನಂಬರು ತಪ್ಪು, ಸಮಯ ತಪ್ಪು, ಅಂಗಡಿ ಮುಚ್ಚಿದೆ ಎಂದು ಸೂಚಿಸಬಹುದು. ಒಳ್ಳೆಯ ಉದ್ದೇಶದ ವ್ಯವಸ್ಥೆ, ನಿಜವಾಗಿ ಮುಚ್ಚಿದ ಸಾವಿರಾರು ಅಂಗಡಿಗಳು ಹೀಗೇ ನಕ್ಷೆಯಿಂದ ಹೋಗುತ್ತವೆ. ಹಲವು ಖಾತೆಗಳಿಂದ ಒಂದೇ ಸೂಚನೆ ಬಂದು ಅದು ಒಪ್ಪಿತವಾದರೆ ತೆರೆದ ಅಂಗಡಿಗೂ ಬೀಗ ಬೀಳುತ್ತದೆ.

ಅಮೆರಿಕದ ವರ್ಜೀನಿಯಾದ ಗ್ರೇಟ್ ಫಾಲ್ಸ್‌ನಲ್ಲಿ ಸರ್ಬಿಯನ್ ಕ್ರೌನ್ ಎಂಬ ಹಳೆಯ ರೆಸ್ಟೋರೆಂಟ್ ಇತ್ತು. ಊರ ಹೊರಗಿನ ಜಾಗ, ಜನ ಹುಡುಕಿಕೊಂಡೇ ಬರಬೇಕು, ಹೆಚ್ಚು ಬರುವುದು ವಾರಾಂತ್ಯದಲ್ಲಿ. 2012ರ ಆರಂಭದಲ್ಲಿ ವ್ಯಾಪಾರ ಇದ್ದಕ್ಕಿದ್ದಂತೆ ಕುಸಿಯಿತು. ಕಂಪ್ಯೂಟರ್ ಮುಟ್ಟದ ವೃದ್ಧ ಮಾಲೀಕರಿಗೆ ಕಾರಣ ಗೊತ್ತಾಗಲಿಲ್ಲ. ಕೊನೆಗೆ ಗಿರಾಕಿಯೊಬ್ಬರು ಫೋನ್ ಮಾಡಿ, ಶನಿವಾರ, ಭಾನುವಾರ, ಸೋಮವಾರ ಏಕೆ ಮುಚ್ಚಿದ್ದೀರಿ ಎಂದು ಕೇಳಿದಾಗಲೇ ಗೂಗಲ್‌ನಲ್ಲಿ ಹಾಗೆ ತೋರಿಸುತ್ತಿದೆ ಎಂದು ತಿಳಿದದ್ದು. ಪ್ರತಿಸ್ಪರ್ಧಿಯ ಕೆಲಸ ಎಂಬ ಶಂಕೆ ಅವರಿಗಿತ್ತು, ಅದು ಸಾಬೀತಾಗಲಿಲ್ಲ. 2013ರಲ್ಲಿ ರೆಸ್ಟೋರೆಂಟ್ ನಿಜವಾಗಿಯೇ ಮುಚ್ಚಿತು. ಅವರು ಗೂಗಲ್ ಮೇಲೆ ಹೂಡಿದ ದಾವೆ ಸುದ್ದಿಯಾಯಿತು.

ಸರಿಪಡಿಸುವುದು ಇಲ್ಲಿ ರಿವ್ಯೂಗಿಂತ ಸುಲಭ, ಆದರೆ ಲಿಸ್ಟಿಂಗ್ ನಿಮ್ಮ ಹೆಸರಲ್ಲಿ ದೃಢೀಕರಣವಾಗಿದ್ದರೆ ಮಾತ್ರ. ಹಾಗಿದ್ದರೆ ಒಳಹೋಗಿ, ಸಮಯದ ವಿಭಾಗದಲ್ಲಿ ‘Open with main hours’ ಎಂದು ಮತ್ತೆ ಆರಿಸಬೇಕು. ಮೊನ್ನೆ ಮೊನ್ನೆಯ ದಿನಾಂಕದ ಒಂದೆರಡು ಫೋಟೋ ಹಾಕಿದರೆ ಒಳ್ಳೆಯದು. ಎಷ್ಟೋ ಹೋಮ್‌ಸ್ಟೇಗಳ ಲಿಸ್ಟಿಂಗ್ ಮಾಡಿಕೊಟ್ಟವನು ಯಾರೋ ಹುಡುಗ, ಅದು ಅವನ ಜಿಮೇಲ್‌ನಲ್ಲೇ ಇದೆ, ಅವನು ಈಗ ಊರಲ್ಲಿಲ್ಲ. ಬದಲಾವಣೆಯ ಎಚ್ಚರಿಕೆಗಳೆಲ್ಲ ಅವನ ಇನ್‌ಬಾಕ್ಸಿಗೆ ಹೋಗಿ ಬೀಳುತ್ತಿವೆ. ದಾಳಿ ಆಗುವ ಮುಂಚೆ ಮಾಡಬೇಕಾದ ಕೆಲಸವೆಂದರೆ ಈ ಕೀಲಿಕೈಯನ್ನು ಮನೆಗೆ ತಂದುಕೊಳ್ಳುವುದು.

ಇದಕ್ಕಿಂತ ಜೋರಾದ ಪೆಟ್ಟು ಇನ್ನೊಂದಿದೆ. ಲಿಸ್ಟಿಂಗ್‌ನ ಹೆಸರೋ ವಿಳಾಸವೋ ಮೋಸದ್ದು ಎಂದು ದೂರು ಹೋದರೆ ಇಡೀ ಪ್ರೊಫೈಲೇ ಅಮಾನತಾಗಬಹುದು. ಆಗಲೂ ಅಪೀಲು ಇದೆ, ಅದಕ್ಕೆ ಒಂದು ವಿಚಿತ್ರ ಷರತ್ತಿದೆ: ಅಪೀಲು ಸಲ್ಲಿಸಿದ ಮೇಲೆ ದಾಖಲೆ ಲಗತ್ತಿಸಲು 60 ನಿಮಿಷ ಮಾತ್ರ. ಆದ್ದರಿಂದ ಹೋಮ್‌ಸ್ಟೇ ನೋಂದಣಿ ಪತ್ರ, ಪಂಚಾಯಿತಿ ಲೈಸೆನ್ಸ್, ಕರೆಂಟ್ ಬಿಲ್, ಬೋರ್ಡು ಕಾಣುವ ಫೋಟೋ ಎಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾದ ಮೇಲೆಯೇ ಗುಂಡಿ ಒತ್ತಬೇಕು. ಎಲ್ಲದರಲ್ಲೂ ಹೆಸರು, ವಿಳಾಸ ಲಿಸ್ಟಿಂಗ್‌ಗೆ ಹೊಂದಬೇಕು. ಎಷ್ಟೋ ಜನ ಸಿಕ್ಕಿಬೀಳುವುದು ಇಲ್ಲೇ. ಬೋರ್ಡಿನಲ್ಲಿ ಒಂದು ಹೆಸರು, ಗೂಗಲ್‌ನಲ್ಲಿ ಅದರ ಮುಂದೆ ‘ಸಕಲೇಶಪುರದ ಬೆಸ್ಟ್ ಬಜೆಟ್ ಫ್ಯಾಮಿಲಿ ಹೋಮ್‌ಸ್ಟೇ’ ಎಂಬ ಬಾಲ. ಹುಡುಕಾಟದಲ್ಲಿ ಮೇಲೆ ಬರಲೆಂದು ಅಂಟಿಸಿದ್ದು, ಅದು ನಿಯಮಕ್ಕೆ ವಿರುದ್ಧ. ಹಾಗಿರುವಾಗ ಪಕ್ಕದವನು ಕೊಟ್ಟ ದೂರು ಹೊಟ್ಟೆಕಿಚ್ಚಿನದಿರಬಹುದು, ಸುಳ್ಳಿನದಲ್ಲ.

ಕಾನೂನಿನ ದಾರಿ, ಅದರ ಉದ್ದ

ಪ್ರತಿಸ್ಪರ್ಧಿಯನ್ನು ಬೈಯಲು ಜನರನ್ನು ನೇಮಿಸಿದವರಿಗೆ ಶಿಕ್ಷೆಯಾದ ಉದಾಹರಣೆ ಇದೆ. ಎಚ್‌ಟಿಸಿ ಕಂಪನಿಯ ಫೋನುಗಳನ್ನು ಇಂಟರ್‌ನೆಟ್‌ನಲ್ಲಿ ಹಳಿಯಲು ದುಡ್ಡು ಕೊಟ್ಟು ಬರೆಸಿದ್ದಕ್ಕೆ ತೈವಾನಿನ ವ್ಯಾಪಾರ ಆಯೋಗ 2013ರಲ್ಲಿ ಸ್ಯಾಮ್‌ಸಂಗ್‌ಗೆ ಒಂದು ಕೋಟಿ ತೈವಾನ್ ಡಾಲರ್ ದಂಡ ಹಾಕಿತು. ನಮ್ಮಲ್ಲಿ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು, 2020, ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯುವಂತಿಲ್ಲ ಎನ್ನುತ್ತವೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ತಂದಿತು. ಬರೆಯುವವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸುವ ಬಗೆ ಅದರಲ್ಲಿದೆ. ಆದರೆ ಅದನ್ನು ಐಚ್ಛಿಕವಾಗಿಯೇ ತರಲಾಯಿತು.

ಕೈಗೆ ಸಿಗುವ ಮೆಟ್ಟಿಲು 2021ರ ಐ.ಟಿ. ನಿಯಮಗಳದು. ಅವುಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು, ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಹೋಗಬಹುದು, ವಕೀಲರು ಬೇಕಿಲ್ಲ. ಗೂಗಲ್‌ನ ಒಳಗಿನ ಅಪೀಲು ಸೋತ ಮೇಲೆ ಇದನ್ನು ಪ್ರಯತ್ನಿಸುವುದರಲ್ಲಿ ನಷ್ಟವೇನಿಲ್ಲ.

ಖಾತೆಗಳ ಹಿಂದೆ ಯಾರಿದ್ದಾರೆ ಎಂದು ತಿಳಿಯಬೇಕಾದರೆ ಮಾತ್ರ ಕೋರ್ಟೇ ಬೇಕು. ಶ್ರೇಯಾ ಸಿಂಘಾಲ್ ಪ್ರಕರಣದ 2015ರ ತೀರ್ಪಿನ ನಂತರ, ಖಾಸಗಿಯವರ ನೋಟಿಸು ಬಂದಿತೆಂದು ಕಂಪನಿಗಳು ಬರಹ ತೆಗೆಯಲೇಬೇಕಿಲ್ಲ, ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬೇಕು. ಖಾತೆದಾರರ ವಿವರ ಕೇಳುವುದೂ ಹಾಗೆಯೇ. ಸಿವಿಲ್ ಮಾನನಷ್ಟ ದಾವೆಗೆ ಒಂದು ವರ್ಷದ ಗಡುವಿದೆ. ಕ್ರಿಮಿನಲ್ ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಮೊದಲ ದಿನ ತೆಗೆದ ಸ್ಕ್ರೀನ್‌ಶಾಟ್ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಎಂಟು ರಿವ್ಯೂಗಾಗಿ ಐದು ಕೋಣೆಯ ಮನೆಯವರು ಇಷ್ಟು ದೂರ ಹೋಗಬೇಕೇ ಎಂದು ಕೇಳಿದರೆ, ನನ್ನ ಉತ್ತರ ಸಾಮಾನ್ಯವಾಗಿ ಬೇಡ ಎಂದೇ. ದಾಳಿ ತಿಂಗಳುಗಟ್ಟಲೆ ನಡೆದರೆ, ಅಥವಾ ‘ಅತಿಥಿಗಳ ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ’ ಎಂಬಂಥ ಆರೋಪ ಬಂದರೆ ಮಾತು ಬೇರೆ. ಮಲೆನಾಡಿನಲ್ಲಿ ಇನ್ನೊಂದು ದಾರಿಯೂ ಇದೆ. ಸುತ್ತಲಿನ ಮೂರು ಮನೆಗಳಿಗೂ ಅವೇ ಖಾತೆಗಳಿಂದ ಪೆಟ್ಟು ಬಿದ್ದಿದ್ದರೆ, ಮೂವರೂ ತಮ್ಮ ಸ್ಕ್ರೀನ್‌ಶಾಟ್‌ಗಳನ್ನು ಹೋಮ್‌ಸ್ಟೇಯವರ ಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಮೇಜಿನ ಮೇಲಿಟ್ಟರೆ, ಮುಂದಿನ ವಾರದಿಂದ ಎಷ್ಟೋ ಸಲ ಅಂಥವು ನಿಲ್ಲುತ್ತವೆ.

ನಮ್ಮ ಕಲ್ಪನೆಯ ಮನೆಯ ಲೆಕ್ಕ ಹೀಗೆ ಮುಗಿಯಿತು ಎನ್ನೋಣ. ಬರಹವಿದ್ದ ಐದು ನಕಲಿಗಳಲ್ಲಿ ಮೂರು ಮೊದಲ ರಿಪೋರ್ಟಿಗೇ ಹೋದವು, ಎರಡು ಅಪೀಲಿನಲ್ಲಿ. ಬರೀ ಸ್ಟಾರ್ ಇದ್ದ ಮೂರರಲ್ಲಿ ಒಂದು ಹೋಯಿತು, ಎರಡು ಉಳಿದವು. ಒಂದಕ್ಷರವೂ ಇಲ್ಲದ ಕಡೆ ಯಾವ ನಿಯಮ ಮುರಿಯಿತೆಂದು ತೋರಿಸುವುದು ಕಷ್ಟ. ಇಂಥವೇ ಹೆಚ್ಚಾಗಿ ಉಳಿದುಬಿಡುತ್ತವೆ. ಬಿಸಿನೀರಿನವರು ಕ್ಷಮೆ ಓದಿ ತಾವೇ ಮೂರು ಸ್ಟಾರ್‌ಗೆ ಬದಲಿಸಿದರು. ಈಗ ಸರಾಸರಿ 4.6. ಮತ್ತೆ 4.7 ಕಾಣಲು ಬೇಕಾದದ್ದು 78 ಅಲ್ಲ, ಹತ್ತು ಫೈವ್-ಸ್ಟಾರ್.

ಆ ಹತ್ತನ್ನು ಕೇಳಿ ಪಡೆಯಬಹುದು, ಅದರಲ್ಲಿ ತಪ್ಪಿಲ್ಲ. ಗೂಗಲ್ ಪ್ರೊಫೈಲಿನಲ್ಲೇ ರಿವ್ಯೂ ಕೇಳುವ ಲಿಂಕೂ ಕ್ಯೂಆರ್ ಕೋಡೂ ಸಿಗುತ್ತದೆ. ಅದನ್ನು ಬಿಲ್ಲಿನ ಜೊತೆ ಕೊಡಬಹುದು. ಪ್ರತಿಯಾಗಿ ಒಂದು ಪೊಟ್ಟಣ ಕಾಫಿಪುಡಿಯನ್ನಾಗಲಿ ಮುಂದಿನ ಸಲದ ರಿಯಾಯಿತಿಯನ್ನಾಗಲಿ ಕೊಡುವಂತಿಲ್ಲ, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವಂತೆಯೂ ಇಲ್ಲ. ಕೇಳುವುದಾದರೆ ಹೊರಡುವ ಎಲ್ಲರನ್ನೂ ಕೇಳಬೇಕು, ಬೆಳಗ್ಗೆ ರೊಟ್ಟಿ ತಣ್ಣಗಿದೆ ಎಂದವರನ್ನೂ ಸೇರಿಸಿ.